ಮೂವತ್ತು–ನಲವತ್ತರ ತಾರಸಿಯಲ್ಲಿ ನಲವತ್ತು ಮೀಟರಿನ ಅಲೆ

ನಮ್ಮ ಮನೆ ಇರುವುದು ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನಲ್ಲಿ. ಹ್ಯಾಮ್ ರೇಡಿಯೊದವರು ಹಗಲು ಹೊತ್ತು ಹೆಚ್ಚಾಗಿ ಮಾತಾಡುವುದು ನಲವತ್ತು ಮೀಟರ್ ಬ್ಯಾಂಡಿನಲ್ಲಿ, ಅಂದರೆ 7 ಮೆಗಾಹರ್ಟ್ಸ್ ಆಸುಪಾಸಿನಲ್ಲಿ. ಅದಕ್ಕೆ ಲಕ್ಷಣವಾದ ಆಂಟೆನಾ ಕಟ್ಟಬೇಕೆಂದರೆ ಅರ್ಧ ಅಲೆಯುದ್ದದ ತಂತಿ, ಸುಮಾರು 20 ಮೀಟರ್, ನೆಟ್ಟಗೆ ಎಳೆಯಬೇಕು. ಸೈಟನ್ನು ಮೂಲೆಯಿಂದ ಮೂಲೆಗೆ ಅಳೆದರೂ ಸಿಗುವುದು ಸುಮಾರು 15 ಮೀಟರ್ ಅಷ್ಟೆ. ಅದರಲ್ಲಿ ನೀರಿನ ಟ್ಯಾಂಕು, ಸೋಲಾರ್ ಹೀಟರು, ಬಟ್ಟೆ ಒಣಗಿಸುವ ಹಗ್ಗಗಳಿಗೂ ಜಾಗ ಬಿಡಬೇಕು. ಹಾಗಾಗಿ ನನ್ನ ಪಾಲಿಗೆ ಉಳಿದದ್ದು 3 ಮೀಟರ್ ಎತ್ತರದ ಒಂದು ಅಲ್ಯೂಮಿನಿಯಂ ಪೈಪು, ಅದರ ಬುಡದಲ್ಲಿ ತಾರಸಿಯ ಮೇಲೆ ಹರಡಿದ ನಾಲ್ಕು ತಂತಿ.

ಪಕ್ಕದ ಮನೆಯ ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ನಾನು ಪೈಪು ನಿಲ್ಲಿಸುವುದನ್ನು ನೋಡಿ ಮೇಲೆ ಬಂದ. ರೇಡಿಯೊದ ಕೇಬಲ್ಲನ್ನು ಪೈಪಿನ ಬುಡಕ್ಕೆ ನೇರವಾಗಿ ಸಿಕ್ಕಿಸಿ, ಲೈಸೆನ್ಸ್ ಇರುವ ನಾನೇ ಬಟನ್ ಒತ್ತಿದೆ. ಮೀಟರಿನ ಮುಳ್ಳು ಬಲಕ್ಕೆ ಹೊರಳಿ ಅಲ್ಲೇ ನಿಂತಿತು. ಅಂದರೆ ಕೊಟ್ಟದ್ದೆಲ್ಲ ವಾಪಸ್.

“ಅಂಕಲ್, ರೇಡಿಯೊ 10 ವ್ಯಾಟ್ ಅಲ್ವಾ? ಆ 10 ವ್ಯಾಟ್ ಎಲ್ಲಿ ಹೋಯ್ತು?” ಎಂದು ಕೇಳಿದ.

“ಎಲ್ಲೂ ಹೋಗಿಲ್ಲ ಕಣೋ, ಹೊರಟೇ ಇಲ್ಲ. ಮ್ಯಾಕ್ಸಿಮಮ್ ಪವರ್ ಟ್ರಾನ್ಸ್‌ಫರ್ ಥಿಯರಮ್ ಓದಿದ್ದೀಯಲ್ಲ?”

ಅವನು ಒಂದೇ ಉಸಿರಿನಲ್ಲಿ ಒಪ್ಪಿಸಿದ: ಲೋಡಿನ ಇಂಪೀಡೆನ್ಸು ಸೋರ್ಸಿನ ಇಂಪೀಡೆನ್ಸಿನ ಕಾಂಪ್ಲೆಕ್ಸ್ ಕಾಂಜುಗೇಟ್ ಆಗಿದ್ದಾಗ ಗರಿಷ್ಠ ಶಕ್ತಿ ವರ್ಗಾವಣೆಯಾಗುತ್ತದೆ. ಒಂದು ಅಕ್ಷರವೂ ತಪ್ಪಲಿಲ್ಲ. ಆದರೆ ಆ ವಾಕ್ಯಕ್ಕೂ ಎದುರಿಗೆ ನಿಂತಿದ್ದ ಪೈಪಿಗೂ ಏನು ಸಂಬಂಧ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಆ ಸಂಜೆ ನಾವಿಬ್ಬರೂ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ವಾಕ್ಯದ ಸರಳ ಅರ್ಧವನ್ನು ನೋಡೋಣ. ವಿದ್ಯುತ್ತು ಕೊಡುವ ಯಾವ ಸಾಧನದ ಹೊಟ್ಟೆಯಲ್ಲೂ ಒಂದಿಷ್ಟು ರೋಧ ಇದ್ದೇ ಇರುತ್ತದೆ. ಹಳೆಯ ಟಾರ್ಚ್ ಸೆಲ್ಲು ಬಲ್ಬನ್ನು ಮಂಕಾಗಿ ಉರಿಸುವುದು ಇದರಿಂದಲೇ: ಒಳಗಿನ ರೋಧ ಹೆಚ್ಚಾಗಿ, ಹೊರಗೆ ಬರಬೇಕಾದ ವೋಲ್ಟೇಜಿನ ಒಂದು ಪಾಲು ಅಲ್ಲೇ ಖರ್ಚಾಗಿರುತ್ತದೆ. ನಮ್ಮ ರೇಡಿಯೊವನ್ನು ಸದ್ಯಕ್ಕೆ ಹೀಗೆ ಕಲ್ಪಿಸಿಕೊಳ್ಳಿ: ಒಳಗೆ 44.7 ವೋಲ್ಟಿನ ಮೂಲ, ಅದರ ಬೆನ್ನಿಗೆ 50 ಓಮ್ ರೋಧ. ಹೊರಗೆ ಏನನ್ನೂ ಜೋಡಿಸದಿದ್ದರೆ ವೋಲ್ಟೇಜು ಪೂರ್ತಿ ಸಿಗುತ್ತದೆ, ಪ್ರವಾಹ ಸೊನ್ನೆ. ಎರಡು ತುದಿಯನ್ನೂ ಮುಟ್ಟಿಸಿ ಶಾರ್ಟ್ ಮಾಡಿದರೆ ಪ್ರವಾಹ ಭರ್ತಿ ಹರಿಯುತ್ತದೆ, ಹೊರಗಿನ ವೋಲ್ಟೇಜು ಸೊನ್ನೆ. ಶಕ್ತಿ ಎಂದರೆ ಇವೆರಡರ ಗುಣಲಬ್ಧ. ಎರಡೂ ಕೊನೆಗಳಲ್ಲಿ ಹೊರಗೆ ಸಿಗುವ ಶಕ್ತಿ ಸೊನ್ನೆಯೇ ಆದ್ದರಿಂದ ನಡುವೆ ಎಲ್ಲೋ ಒಂದು ಶಿಖರ ಇರಲೇಬೇಕು. ಆ ಶಿಖರ ಹೊರಗಿನ ರೋಧ 50 ಓಮ್ ಆದಾಗ ಬರುತ್ತದೆ. ಆಗ ಹೊರಗೆ 10 ವ್ಯಾಟ್ ಸಿಗುತ್ತದೆ.

ಈ ಶಿಖರದ ಆಕಾರವನ್ನು ಹುಡುಗ ಗಮನಿಸಿರಲಿಲ್ಲ. ಪಠ್ಯಪುಸ್ತಕಗಳೂ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊರಗೆ 50ರ ಬದಲು 100 ಓಮ್ ಇಟ್ಟರೆ 8.9 ವ್ಯಾಟ್. 25 ಓಮ್ ಇಟ್ಟರೂ ಅದೇ 8.9. ಎರಡು ಪಟ್ಟು ತಪ್ಪಿದರೂ ನಷ್ಟ ನೂರಕ್ಕೆ ಹನ್ನೊಂದು ಮಾತ್ರ. ಇದು ಕಡಿದಾದ ಶಿಖರವಲ್ಲ, ನೆತ್ತಿ ಚಪ್ಪಟೆಯಾದ ಗುಡ್ಡ. ಬರೀ ರೋಧದ ಹೊಂದಾಣಿಕೆ ಅಷ್ಟಿಷ್ಟು ತಪ್ಪಿದ್ದರೆ ಅದಕ್ಕಾಗಿ ನಿದ್ದೆಗೆಡಬೇಕಾಗಿಲ್ಲ.

ಹಾಗಾದರೆ ನಮ್ಮ ಮುಳ್ಳು ಯಾಕೆ ಬಲಕ್ಕೆ ಅಂಟಿಕೊಂಡಿತು? ಆ ವಾಕ್ಯದ ಎರಡನೇ ಅರ್ಧದ ಕಾರಣಕ್ಕೆ.

3 ಮೀಟರಿನ ಪೈಪು 7.1 ಮೆಗಾಹರ್ಟ್ಸಿಗೆ ಬಹಳ ಗಿಡ್ಡ. ಅಲ್ಲಿ ಅಲೆಯುದ್ದ 42 ಮೀಟರ್. ಪೈಪು ಅದರ ಹದಿನಾಲ್ಕನೇ ಒಂದು ಭಾಗ. ಹೀಗೆ ಗಿಡ್ಡವಾದ ಪೈಪು ರೇಡಿಯೊ ಕಣ್ಣಿಗೆ ಆಂಟೆನಾ ಎನ್ನುವುದಕ್ಕಿಂತ ಒಂದು ಪುಟ್ಟ ಕೆಪಾಸಿಟರಿನಂತೆ ಕಾಣುತ್ತದೆ. ಪೈಪು ಒಂದು ಫಲಕ, ಕೆಳಗೆ ಹರಡಿದ ತಂತಿಗಳು ಇನ್ನೊಂದು ಫಲಕ, ನಡುವೆ ಗಾಳಿ. ಲೆಕ್ಕ ಹಾಕಿದರೆ ಸುಮಾರು 35 ಪಿಕೊಫ್ಯಾರಡ್. ಕೆಪಾಸಿಟರಿನ ಗುಣ ಏನು? ಅದು ಶಕ್ತಿಯನ್ನು ತಿಂದು ಮುಗಿಸುವುದಿಲ್ಲ. ಚಕ್ರದ ಒಂದು ಕಾಲುಭಾಗದಲ್ಲಿ ತುಂಬಿಕೊಳ್ಳುತ್ತದೆ, ಮುಂದಿನ ಕಾಲುಭಾಗದಲ್ಲಿ ಬಂದ ದಾರಿಗೇ ಹಿಂದಿರುಗಿಸುತ್ತದೆ. ಸೆಕೆಂಡಿಗೆ 71 ಲಕ್ಷ ಚಕ್ರಗಳಲ್ಲಿ ಈ ತುಂಬುವುದು, ಚೆಲ್ಲುವುದು ನಡೆಯುತ್ತಲೇ ಇರುತ್ತದೆ. ಪ್ರವಾಹಕ್ಕೆ ಅದು ಒಡ್ಡುವ ಈ ತಡೆಗೆ ರಿಯಾಕ್ಟೆನ್ಸ್ ಎಂದು ಹೆಸರು. ನಮ್ಮ ಪೈಪಿನದು ಸುಮಾರು 650 ಓಮ್.

ಇದರ ಜೊತೆಗೆ ನಿಜವಾಗಿ ಶಕ್ತಿಯನ್ನು ತೆಗೆದುಕೊಳ್ಳುವ ರೋಧವೂ ಇದೆ. ಆಂಟೆನಾ ಅಲೆಯಾಗಿ ಹೊರಗೆ ಕಳಿಸುವ ಶಕ್ತಿಯನ್ನು ಒಂದು ರೋಧವೆಂದೇ ಲೆಕ್ಕಕ್ಕೆ ಹಿಡಿಯುವುದು ರೂಢಿ. ಈ ಪೈಪಿಗೆ ಅದು ಬರೀ 2 ಓಮ್. ಬುಡದ ತಂತಿಗಳಲ್ಲಿ, ತಾರಸಿಯ ಕಾಂಕ್ರೀಟಿನಲ್ಲಿ, ಅದರೊಳಗಿನ ಕಬ್ಬಿಣದಲ್ಲಿ ಶಾಖವಾಗಿ ಹೋಗುವ ಪಾಲು ಇನ್ನೊಂದು ರೋಧ. ನಾಲ್ಕೇ ತಂತಿ ಹರಡಿದಾಗ ಅದನ್ನು 8 ಓಮ್ ಎಂದು ಇಟ್ಟುಕೊಳ್ಳೋಣ. ಕೆಲವು ಜಾಗಗಳಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಒಟ್ಟು 10 ಓಮ್ ರೋಧ, 650 ಓಮ್ ರಿಯಾಕ್ಟೆನ್ಸ್.

ಇವೆರಡನ್ನು ಸುಮ್ಮನೆ ಕೂಡಿಸಿ 660 ಎನ್ನುವಂತಿಲ್ಲ. ರೋಧದ ಮೇಲಿನ ವೋಲ್ಟೇಜು ಪ್ರವಾಹದ ಜೊತೆಜೊತೆಗೆ ಏರಿಳಿಯುತ್ತದೆ. ಕೆಪಾಸಿಟರಿನ ಮೇಲಿನದು ಕಾಲು ಚಕ್ರ ತಡವಾಗಿ ಬರುತ್ತದೆ. ಕಾಯಿಲ್ ಇದ್ದರೆ ಅದರ ಮೇಲಿನದು ಕಾಲು ಚಕ್ರ ಮುಂಚೆಯೇ ಬರುತ್ತದೆ. ಈ ಮುಂಚೆ–ತಡಗಳನ್ನು ಲೆಕ್ಕದಲ್ಲಿ ಹಿಡಿಯುವ ಸುಲಭ ಉಪಾಯವನ್ನು ಚಾರ್ಲ್ಸ್ ಸ್ಟೈನ್‌ಮೆಟ್ಜ್ 1893ರಲ್ಲಿ ಷಿಕಾಗೊದಲ್ಲಿ ಸೇರಿದ್ದ ವಿದ್ಯುತ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಮಾವೇಶದಲ್ಲಿ ಮುಂದಿಟ್ಟರು: ರೋಧವನ್ನು ಸಾಮಾನ್ಯ ಸಂಖ್ಯೆಯಾಗಿ ಬರೆಯಿರಿ, ರಿಯಾಕ್ಟೆನ್ಸಿನ ಹಿಂದೆ ಒಂದು `j` ಹಾಕಿ. ಕಾಯಿಲಿಗೆ ಕೂಡುವ ಚಿಹ್ನೆ, ಕೆಪಾಸಿಟರಿಗೆ ಕಳೆಯುವ ಚಿಹ್ನೆ. ಹೀಗೆ ಬರೆದರೆ ನಮ್ಮ ಪೈಪಿನ ಇಂಪೀಡೆನ್ಸು `10 − j650`. `j` ನೋಡಿ ಹೆದರುವ ಅಗತ್ಯವಿಲ್ಲ. ಇದು ಕಾಲು ಚಕ್ರ ಆಚೀಚೆ ಆಗುವ ಲೆಕ್ಕ, ಇದನ್ನು ಇನ್ನೊಂದರ ಜೊತೆ ಬೆರೆಸಬೇಡ ಎಂದು ಕಟ್ಟಿದ ಒಂದು ಚೀಟಿ, ಅಷ್ಟೆ.

ಈಗ ಮೂಲದ ಒಳಗೆ `r + jx`, ಹೊರಗೆ `R + jX` ಇದ್ದರೆ ಹೊರಗಿನ ರೋಧಕ್ಕೆ ಸಿಗುವ ಶಕ್ತಿ ಇಷ್ಟು:

```
P = V²R / [ (r + R)² + (x + X)² ]
```

ಈ ಒಂದು ಸಾಲಿನಲ್ಲೇ ಇಡೀ ಪ್ರಮೇಯ ಅಡಗಿದೆ. ಕೆಳಗಿನ ಎರಡು ಆವರಣಗಳನ್ನು ನೋಡಿ. ರೋಧ ಯಾವಾಗಲೂ ಧನಸಂಖ್ಯೆ, ಆದ್ದರಿಂದ ಮೊದಲನೆಯದನ್ನು ಸೊನ್ನೆ ಮಾಡಲು ಸಾಧ್ಯವೇ ಇಲ್ಲ. ರಿಯಾಕ್ಟೆನ್ಸಿಗೆ ಎರಡೂ ಚಿಹ್ನೆ ಇರಬಹುದಾದ್ದರಿಂದ ಎರಡನೆಯದನ್ನು ಪೂರ್ತಿ ಅಳಿಸಬಹುದು: ಒಳಗೆ ಎಷ್ಟು ಕೂಡುವ ರಿಯಾಕ್ಟೆನ್ಸ್ ಇದೆಯೋ ಹೊರಗೆ ಅಷ್ಟೇ ಕಳೆಯುವುದನ್ನು ಇಟ್ಟರೆ ಸಾಕು. ಮೊದಲ ಹೆಜ್ಜೆ ಅದು. ಆಮೇಲೆ ಉಳಿಯುವುದು ನಮ್ಮ ಹಳೆಯ ಟಾರ್ಚ್ ಸೆಲ್ಲಿನ ಲೆಕ್ಕ. ಅಲ್ಲಿ ರೋಧ ರೋಧಕ್ಕೆ ಸಮನಾಗಬೇಕು. ಎರಡನ್ನೂ ಸೇರಿಸಿದರೆ ರೋಧ ಅದೇ, ರಿಯಾಕ್ಟೆನ್ಸಿನ ಚಿಹ್ನೆ ಮಾತ್ರ ತಿರುವುಮುರುವು. ಗಣಿತದವರು ಇದನ್ನು ಕಾಂಜುಗೇಟ್ ಎನ್ನುತ್ತಾರೆ.

ಎರಡೂ ಕಡೆಯ ಇಂಪೀಡೆನ್ಸು ಒಂದೇ ಆಗಿರಬೇಕು ಎಂದು ವಿದ್ಯಾರ್ಥಿಗಳು ಬರೆದುಬಿಡುವುದುಂಟು. ಅದು ಸಣ್ಣ ತಪ್ಪಲ್ಲ. ಒಳಗೂ ಕಾಯಿಲ್ ಗುಣ, ಹೊರಗೂ ಕಾಯಿಲ್ ಗುಣ ಇದ್ದರೆ ತಡೆ ಇಮ್ಮಡಿಯಾಗುತ್ತದೆ. ಬೇಕಾದದ್ದು ಸಮ ಅಳತೆ, ಎದುರು ಸ್ವಭಾವ.

ಪೈಪನ್ನು ನೇರವಾಗಿ ಸಿಕ್ಕಿಸಿದ್ದಾಗ ಏನಾಗಿತ್ತು ಎಂಬುದನ್ನು ಇದೇ ಸೂತ್ರದಲ್ಲಿ ನೋಡಬಹುದು. ರೋಧಗಳ ಮೊತ್ತ 60, ಅದರ ವರ್ಗ 3,600. ರಿಯಾಕ್ಟೆನ್ಸು 650, ಅದರ ವರ್ಗ ನಾಲ್ಕು ಲಕ್ಷದ ಇಪ್ಪತ್ತೆರಡು ಸಾವಿರ. ಪ್ರವಾಹ 68 ಮಿಲಿಆಂಪಿಯರ್‌ಗೆ ಕುಸಿಯುತ್ತದೆ, ಪೈಪಿನ ಕಡೆ ಹೋಗುವ ಶಕ್ತಿ 47 ಮಿಲಿವ್ಯಾಟ್. ಹತ್ತು ವ್ಯಾಟಿನಲ್ಲಿ ಇನ್ನೂರನೇ ಒಂದು ಪಾಲೂ ಇಲ್ಲ. ಅದರಲ್ಲೂ ಅಲೆಯಾಗಿ ಹೊರಡುವುದು ಐದರಲ್ಲಿ ಒಂದು ಭಾಗ.

ಈಗ ಪೈಪಿಗೆ ಎದುರು ಸ್ವಭಾವದ ಜೊತೆಗಾರನನ್ನು ಕೊಡೋಣ. 7.1 ಮೆಗಾಹರ್ಟ್ಸಿನಲ್ಲಿ 650 ಓಮ್ ಕೊಡುವ ಕಾಯಿಲ್ ಎಂದರೆ 14.6 ಮೈಕ್ರೊಹೆನ್ರಿ. ಅದನ್ನು ಪೈಪಿನ ಸಾಲಿನಲ್ಲಿ ಇಟ್ಟ ಕೂಡಲೇ ಎರಡನೇ ಆವರಣ ಅಳಿಸಿಹೋಗುತ್ತದೆ. ಕೆಪಾಸಿಟರು ಶಕ್ತಿಯನ್ನು ಹಿಂದಿರುಗಿಸುವ ಗಳಿಗೆಯಲ್ಲೇ ಕಾಯಿಲ್ ಅದನ್ನು ತುಂಬಿಕೊಳ್ಳುತ್ತದೆ. ಕಾಯಿಲ್ ಬಿಟ್ಟುಕೊಡುವಾಗ ಕೆಪಾಸಿಟರು ತೆಗೆದುಕೊಳ್ಳುತ್ತದೆ. ಅವೆರಡರ ಕೊಡುಕೊಳ್ಳುವಿಕೆ ಅವುಗಳ ನಡುವೆಯೇ ಮುಗಿಯುವುದರಿಂದ ರೇಡಿಯೊಗೆ ಆ ಗೋಜು ತಟ್ಟುವುದಿಲ್ಲ. ಅದರ ಕಣ್ಣಿಗೆ ಉಳಿಯುವುದು ಬರೀ 10 ಓಮ್. ಕಾಯಿಲಿನದೇ ನಷ್ಟವನ್ನು ಒಂದು ಕ್ಷಣ ಮರೆತರೆ ಈಗ ಸಿಗುವುದು 5.6 ವ್ಯಾಟ್. ರೋಧ ಇನ್ನೂ ಐದು ಪಟ್ಟು ತಪ್ಪಿದೆ, ಆದರೂ ಒಂದೇ ಹೆಜ್ಜೆಗೆ ನೂರು ಪಟ್ಟಿಗೂ ಮೀರಿ ಏರಿದ್ದೇವೆ. ರಿಯಾಕ್ಟೆನ್ಸಿನ ತಪ್ಪು ಎಷ್ಟು ಕಠಿಣ, ರೋಧದ ತಪ್ಪು ಎಷ್ಟು ಮೃದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಾಯಿಲ್ ಸುತ್ತುವುದು ಸಂತೋಷದ ಕೆಲಸ. ಎರಡಿಂಚಿನ ಪಿವಿಸಿ ಪೈಪಿನ ತುಂಡಿಗೆ ದಪ್ಪ ತಾಮ್ರದ ತಂತಿಯನ್ನು ಎರಡೂವರೆ ಇಂಚು ಉದ್ದದಲ್ಲಿ ಇಪ್ಪತ್ತಮೂರು ಸುತ್ತು, ಸುತ್ತು ಸುತ್ತಿಗೆ ತುಸು ಸಂದು ಬಿಟ್ಟು ಸುತ್ತಿದರೆ 15 ಮೈಕ್ರೊಹೆನ್ರಿ ಆಸುಪಾಸು ಬರುತ್ತದೆ. ಹುಡುಗ ಪೈಪು ತಿರುಗಿಸಿದ, ನಾನು ತಂತಿ ಬಿಗಿ ಹಿಡಿದೆ.

ಬೇಕಾದದ್ದು 14.6 ಆಗಿದ್ದರೂ 15 ಸುತ್ತಿದ್ದಕ್ಕೆ ಕಾರಣ ಇದೆ. ಕಾಯಿಲಿಗೂ ತನ್ನದೇ ರೋಧ ಇರುತ್ತದೆ; ಚೆನ್ನಾಗಿ ಸುತ್ತಿದ ಕಾಯಿಲಿನಲ್ಲಿ ಅದು ರಿಯಾಕ್ಟೆನ್ಸಿನ ಇನ್ನೂರನೇ ಒಂದು ಭಾಗ ಎನ್ನಿ, ಅಂದರೆ ಇಲ್ಲಿ 3.4 ಓಮ್. ಆಗ ಒಟ್ಟು ರೋಧ 13.4 ಓಮ್ ಆಗುತ್ತದೆ. ಅದನ್ನು ರೇಡಿಯೊಗೆ 50 ಓಮ್ ಎಂದು ಕಾಣಿಸಬೇಕು. ಅದಕ್ಕೆ ಟ್ರಾನ್ಸ್‌ಫಾರ್ಮರ್ ಹಾಕಬಹುದು, ಆದರೆ ಇನ್ನೂ ಸರಳ ದಾರಿಯಿದೆ. ಕಾಯಿಲನ್ನು ತುಸು ದೊಡ್ಡದು ಮಾಡಿ 22 ಓಮ್ ಕೂಡುವ ರಿಯಾಕ್ಟೆನ್ಸನ್ನು ಬೇಕೆಂದೇ ಉಳಿಸಿಕೊಳ್ಳುವುದು. ಆಮೇಲೆ ಕೇಬಲ್ ಬಂದು ಸೇರುವ ಜಾಗದಲ್ಲಿ, ಕೇಬಲ್ಲಿನ ಎರಡು ತುದಿಗಳ ನಡುವೆ 750 ಪಿಕೊಫ್ಯಾರಡಿನ ಒಂದು ಕೆಪಾಸಿಟರ್ ಇಡುವುದು. ಒಂದು ಸಾಲಿನಲ್ಲಿ, ಒಂದು ಅಡ್ಡಲಾಗಿ ಇರುವ ಈ ಜೋಡಿಯನ್ನು ಹ್ಯಾಮ್‌ಗಳು ಎಲ್–ಮ್ಯಾಚ್ ಎನ್ನುತ್ತಾರೆ.

ಕಾಂಜುಗೇಟ್ ಎಂಬ ಮಾತು ಹುಡುಗನಿಗೆ ಕಣ್ಣೆದುರು ಕಂಡದ್ದು ಇಲ್ಲಿ. ಅಡ್ಡ ಕೆಪಾಸಿಟರಿಗೂ ಕಾಯಿಲಿಗೂ ನಡುವೆ ತಂತಿಯನ್ನು ಕತ್ತರಿಸಿದಂತೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ನಿಂತು ಆಂಟೆನಾ ಕಡೆ ನೋಡಿದರೆ ಕಾಣುವುದು `13.4 + j22`. ತಿರುಗಿ ರೇಡಿಯೊ ಕಡೆ ನೋಡಿದರೆ ಕಾಣುವುದು 50 ಓಮ್ ರೋಧ ಮತ್ತು ಅದರ ಪಕ್ಕದಲ್ಲೇ 30 ಓಮ್ ರಿಯಾಕ್ಟೆನ್ಸಿನ ಕೆಪಾಸಿಟರ್. ಇವೆರಡನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಬರುವುದು `13.4 − j22`. ಹುಡುಗ ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಮಾಡಿ ನೋಡಿದ. “ಅಂಕಲ್, ಕನ್ನಡಿ ಥರ ಇದೆ!” ಎಂದ. ಹೌದು, ಎರಡು ಕಡೆಯವೂ ಒಂದಕ್ಕೊಂದು ಕನ್ನಡಿಯ ಬಿಂಬ. ಎಡ ಬಲ ಅದಲುಬದಲಾಗುವ ಹಾಗೆ ಇಲ್ಲಿ ಚಿಹ್ನೆ ಅದಲುಬದಲು.

ಜೋಡಿಸಿ ಬಟನ್ ಒತ್ತಿದೆವು. ಕಾಯಿಲಿನ ಸುತ್ತುಗಳ ಸಂದನ್ನು ಚೂರು ಹಿಗ್ಗಿಸಿ, ಚೂರು ಕುಗ್ಗಿಸಿ ಸರಿಮಾಡಿದ ಮೇಲೆ ಎಸ್‌ಡಬ್ಲ್ಯುಆರ್ ಮೀಟರು 1ಕ್ಕೆ ಬಂದು ಕೂತಿತು. ವಾಪಸ್ ಬರುವ ಶಕ್ತಿ ಏನೂ ಇಲ್ಲ, 10 ವ್ಯಾಟೂ ಮುಂದಕ್ಕೆ ಹೊರಟಿದೆ ಎಂದು ಅದರ ಅರ್ಥ. ಹುಡುಗ ಕೆಲಸ ಮುಗಿಯಿತು ಎಂದುಕೊಂಡ.

ಅವನಿಗೆ ನಾನು ಹೇಳಿದ್ದು: “ಮರಿ, 10 ವ್ಯಾಟ್ ರೇಡಿಯೊ ಬಿಟ್ಟು ಹೊರಟಿದೆ, ನಿಜ. ಎಲ್ಲಿಗೆ ಹೋಗಿ ಸೇರಿತು ಅಂತ ಕೇಳು.”

ನಮ್ಮ 13.4 ಓಮಿನಲ್ಲಿ ಅಲೆಯಾಗುವ ಪಾಲು 2 ಓಮ್ ಮಾತ್ರ. ಅದರ ಪ್ರಕಾರ ಆಕಾಶಕ್ಕೆ ಹೋದದ್ದು 1.5 ವ್ಯಾಟ್. ಕಾಯಿಲ್ ಬಿಸಿಯಾಗಲು ಎರಡೂವರೆ ವ್ಯಾಟ್ ಹೋಯಿತು. ಉಳಿದ 6 ವ್ಯಾಟು ತಾರಸಿಯ ಕಾಂಕ್ರೀಟಿಗೆ ಇಂಗಿತು. ಪ್ರಮೇಯ ತಾನು ಕೊಟ್ಟ ಮಾತನ್ನು ಉಳಿಸಿಕೊಂಡಿದೆ: ಮೂಲದಿಂದ ಸಾಧ್ಯವಿದ್ದಷ್ಟೂ ಶಕ್ತಿಯನ್ನು ಎಳೆದು ಲೋಡಿಗೆ ಹಾಕಿದೆ. ಆದರೆ ಲೋಡಿನೊಳಗೆ ಯಾರ್ಯಾರಿಗೆ ಎಷ್ಟೆಷ್ಟು ಎನ್ನುವ ಪಾಲುಪಟ್ಟಿ ಅದಕ್ಕೆ ಗೊತ್ತಿಲ್ಲ, ಮೀಟರಿಗೂ ಗೊತ್ತಿಲ್ಲ. ಆಂಟೆನಾ ಕಟ್ಟುವವರಲ್ಲಿ ಬಹಳ ಮಂದಿ ಮುಗ್ಗರಿಸುವುದು ಇಲ್ಲೇ, ನಾನೂ ವರ್ಷಗಟ್ಟಲೆ ಮುಗ್ಗರಿಸಿದ್ದೇನೆ. ಮುಳ್ಳು 1ಕ್ಕೆ ಬಂದರೆ ಆಂಟೆನಾ ಚೆನ್ನಾಗಿದೆ ಎಂದುಕೊಂಡಿದ್ದೆ. ಪೈಪಿನ ಜಾಗದಲ್ಲಿ 50 ಓಮಿನ ಒಂದು ರೋಧವನ್ನು ಇಟ್ಟರೂ ಮುಳ್ಳು 1ಕ್ಕೇ ಬರುತ್ತದೆ. ಅದರಿಂದ ಪಕ್ಕದ ಬೀದಿಗೂ ದನಿ ತಲುಪುವುದಿಲ್ಲ.

ಮಾರನೇ ಭಾನುವಾರ ಇನ್ನಷ್ಟು ತಂತಿ ತಂದೆವು. ನಾಲ್ಕು ಇದ್ದ ಬುಡದ ತಂತಿಗಳನ್ನು ಹದಿನಾರು ಮಾಡಿ, ತಾರಸಿಯ ಅಂಚಿನವರೆಗೂ ಹಾಯಿಸಿ, ತುದಿಗಳನ್ನು ಪ್ಯಾರಪೆಟ್ ಗೋಡೆಯ ಗುಂಟ ಬಾಗಿಸಿದೆವು. ಆಮೇಲೆ ಕಾಯಿಲನ್ನಾಗಲಿ ಕೆಪಾಸಿಟರನ್ನಾಗಲಿ ಮುಟ್ಟದೆ ಮೀಟರ್ ನೋಡಿದರೆ 1ರಲ್ಲಿದ್ದ ಮುಳ್ಳು 1.6ಕ್ಕೆ ಏರಿತ್ತು. ಹುಡುಗನ ಮುಖ ಸಪ್ಪಗಾಯಿತು. “ಕೆಡಿಸಿಬಿಟ್ವಾ ಅಂಕಲ್?”

ಕಾಗದ ಹಿಡಿದು ಕೂತೆವು. ಬುಡದ ನಷ್ಟ 8 ಓಮಿನಿಂದ 3ಕ್ಕೆ ಇಳಿದಿದ್ದರೆ ಒಟ್ಟು ರೋಧ 8.4 ಓಮ್ ಆಗುತ್ತದೆ. ಹಳೆಯ ಹೊಂದಾಣಿಕೆ 13.4ಕ್ಕೆ ಮಾಡಿದ್ದು, ಆದ್ದರಿಂದ ಈಗ ತುಸು ತಪ್ಪುತ್ತದೆ. ಸೂತ್ರ ಹೇಳುವ ಎಸ್‌ಡಬ್ಲ್ಯುಆರ್ ಕೂಡ 1.6. ಹೊರಡುವ ಶಕ್ತಿ 10ರಿಂದ 9.5 ವ್ಯಾಟಿಗೆ ಇಳಿಯುತ್ತದೆ. ಆದರೆ ಅದರಲ್ಲಿ ಅಲೆಯಾಗುವ ಪಾಲು ಈಗ 8.4ರಲ್ಲಿ 2. ಅಂದರೆ 2.3 ವ್ಯಾಟ್, ಮೊದಲಿಗಿಂತ ಒಂದೂವರೆ ಪಟ್ಟು. ಮೀಟರು ಕೆಟ್ಟಿತು, ದನಿ ಬೆಳೆಯಿತು. ಹೊಂದಾಣಿಕೆ ಕೆಟ್ಟದ್ದೇ ಆಂಟೆನಾ ಸುಧಾರಿಸಿದ್ದಕ್ಕೆ ಗುರುತು. ಆಮೇಲೆ ಅಡ್ಡ ಕೆಪಾಸಿಟರನ್ನೂ ಕಾಯಿಲನ್ನೂ ಮತ್ತೆ ಸರಿಪಡಿಸಿದರೆ ಉಳಿದ ಅರ್ಧ ವ್ಯಾಟೂ ಕೈಸೇರುತ್ತದೆ. ತಿರುಗಿಸಿ ಹೇಳುವುದಾದರೆ, ಇಂಥ ಗಿಡ್ಡ ಪೈಪು ಬರೀ ಒಂದು ಕಾಯಿಲಿನಿಂದ, ಬೇರೇನೂ ಇಲ್ಲದೆ ಸಲೀಸಾಗಿ 50 ಓಮ್ ತೋರಿಸಿದರೆ ಅನುಮಾನ ಪಡಬೇಕು. ಅಲ್ಲಿ ಸುಮಾರು 48 ಓಮ್ ಶಾಖಕ್ಕೆ ಹೋಗುತ್ತಿದೆ.

ಗಿಡ್ಡ ಆಂಟೆನಾ ಇನ್ನೂ ಎರಡು ಕಡೆ ಬೆಲೆ ಕೇಳುತ್ತದೆ. ಎರಡೂ ಅದೇ 650 ಓಮಿನಿಂದ ಬಂದವು.

ಮೊದಲನೆಯದು ವೋಲ್ಟೇಜು. ಹೊಂದಾಣಿಕೆಯಾದಾಗ ಪೈಪಿನೊಳಗೆ ಹರಿಯುವ ಪ್ರವಾಹ 0.86 ಆಂಪಿಯರ್. ಅದನ್ನು 650ರಿಂದ ಗುಣಿಸಿ: ಕಾಯಿಲು ಪೈಪಿಗೆ ಸೇರುವ ಜಾಗದಲ್ಲಿ 560 ವೋಲ್ಟ್, ಅಲೆಯ ನೆತ್ತಿಯಲ್ಲಿ ಸುಮಾರು 800. ಒಳಗಿನ ಮೂಲ 44.7 ವೋಲ್ಟಿನದು ಎಂಬುದನ್ನು ನೆನೆಸಿಕೊಳ್ಳಿ. ಎರಡು ಎದುರು ರಿಯಾಕ್ಟೆನ್ಸುಗಳು ಒಂದನ್ನೊಂದು ರದ್ದು ಮಾಡುತ್ತವೆ ಎಂದರೆ ಅಲ್ಲಿ ಏನೂ ಇಲ್ಲ ಎಂದಲ್ಲ. ಎರಡೂ ಕಡೆ ನೂರಾರು ವೋಲ್ಟ್ ಇದೆ, ಅವು ಒಂದಕ್ಕೊಂದು ವಿರುದ್ಧವಾಗಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ, ಅಷ್ಟೆ. 10 ವ್ಯಾಟಿಗೇ ಇಷ್ಟು; 100 ವ್ಯಾಟಿನ ರೇಡಿಯೊಗೆ ಇದು ಮೂರು ಪಟ್ಟಿಗೂ ಹೆಚ್ಚು. ರೇಡಿಯೊ ಮಾತಾಡುವಾಗ ಆ ಜಾಗವನ್ನು ಮುಟ್ಟಿದರೆ ಚರ್ಮ ಸುಡುತ್ತದೆ. ಮಕ್ಕಳು ಓಡಾಡುವ ತಾರಸಿಯಾದರೆ ಸುತ್ತ ಒಂದು ಬೇಲಿ ಬೇಕೇ ಬೇಕು.

ಎರಡನೆಯದು ಕಿರಿದಾದ ಹರವು. ಕಾಯಿಲ್ ಮತ್ತು ಪೈಪು ಒಂದನ್ನೊಂದು ಅಳಿಸುವುದು ಒಂದೇ ಒಂದು ಆವರ್ತನದಲ್ಲಿ. 7.1ರಿಂದ 7.15 ಮೆಗಾಹರ್ಟ್ಸಿಗೆ ಹೋದರೆ ಆವರ್ತನ ಬದಲಾದದ್ದು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಕಾಯಿಲಿನ 670 ಚಿಲ್ಲರೆ ಓಮ್ ಐದರಷ್ಟು ಏರುತ್ತದೆ, ಪೈಪಿನ 650 ಐದರಷ್ಟು ಇಳಿಯುತ್ತದೆ, ಎರಡೂ ಸೇರಿ ಹತ್ತಿರ ಹತ್ತಿರ 10 ಓಮ್ ಉಳಿಯುತ್ತದೆ. ಒಟ್ಟು ರೋಧವೇ 13.4 ಇರುವಲ್ಲಿ ಅದು ಸಣ್ಣದಲ್ಲ. ಎಸ್‌ಡಬ್ಲ್ಯುಆರ್ 2ಕ್ಕೆ ಏರುತ್ತದೆ. ಇನ್ನೊಂದು 50 ಕಿಲೋಹರ್ಟ್ಸ್ ಮುಂದೆ ಹೋದರೆ ಮೂರೂವರೆ ದಾಟುತ್ತದೆ. ನಮ್ಮ ದೇಶದಲ್ಲಿ ಹ್ಯಾಮ್‌ಗಳಿಗೆ ಕೊಟ್ಟಿರುವ ಜಾಗ 7.0ರಿಂದ 7.2ರವರೆಗೆ. ಅಷ್ಟರಲ್ಲೇ ಆಚೀಚೆ ಹೋಗಲು ಎರಡು ಮೂರು ಸಲ ಸರಿಪಡಿಸಬೇಕು. ಬುಡದ ನಷ್ಟ ಕಡಿಮೆ ಮಾಡಿದಷ್ಟೂ ಹರವು ಇನ್ನೂ ಕಿರಿದಾಗುತ್ತದೆ. ಮಳೆ ನೆನೆದ ಪೈಪು, ಹತ್ತಿರ ನಿಂತ ಮನುಷ್ಯ, ಒಣಗಲು ಹಾಕಿದ ಒದ್ದೆ ಸೀರೆ ಇವೆಲ್ಲ 35 ಪಿಕೊಫ್ಯಾರಡಿಗೆ ಅರ್ಧವೋ ಒಂದೋ ಸೇರಿಸುತ್ತವೆ. ಅಷ್ಟಕ್ಕೇ ಮುಳ್ಳು ಅಲುಗುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಹುಡುಗ ಕೇಳಿದ ಪ್ರಶ್ನೆ ನನಗೆ ಹಿಡಿಸಿತು. ಹೊಂದಾಣಿಕೆಯಾದಾಗ ಹೊರಗೆ ಸಿಕ್ಕಷ್ಟೇ ಶಕ್ತಿ ಮೂಲದ ಒಳಗೂ ಸುಡುತ್ತದಲ್ಲ, ಹಾಗಾದರೆ ಕೆಇಬಿಯವರು ಅರ್ಧ ಕರೆಂಟನ್ನು ಸುಟ್ಟು ನಮಗೆ ಅರ್ಧ ಕೊಡುತ್ತಾರಾ?

ಇಲ್ಲ. ಈ ಗೊಂದಲಕ್ಕೆ ಸುಮಾರು ನೂರೆಂಬತ್ತು ವರ್ಷದ ಇತಿಹಾಸವಿದೆ. ಬರೀ ರೋಧದ ಮಟ್ಟಿಗೆ ಈ ನಿಯಮವನ್ನು ಕಂಡುಕೊಂಡವರು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಮೋರಿಟ್ಸ್ ಯಾಕೋಬಿ. 1838ರಲ್ಲಿ ನೀವಾ ನದಿಯಲ್ಲಿ ಬ್ಯಾಟರಿ ಮತ್ತು ಮೋಟಾರಿನಿಂದ ದೋಣಿ ನಡೆಸಿದವರು ಅವರು. ಇರುವ ಬ್ಯಾಟರಿಯಿಂದ ಹೆಚ್ಚೆಂದರೆ ಎಷ್ಟು ಎಳೆಯಬಹುದು ಎನ್ನುವುದು ಅವರಿಗೆ ಜೀವಂತ ಪ್ರಶ್ನೆಯಾಗಿತ್ತು. ಆದರೆ ಅವರ ನಿಯಮವನ್ನು ಜನ ತಪ್ಪಾಗಿ ಓದಿಕೊಂಡರು. ವಿದ್ಯುತ್ ವ್ಯವಸ್ಥೆಯಲ್ಲಿ ಅರ್ಧಕ್ಕಿಂತ ಹೆಚ್ಚು ದಕ್ಷತೆ ಸಾಧ್ಯವೇ ಇಲ್ಲ ಎಂಬ ನಂಬಿಕೆ ದಶಕಗಟ್ಟಲೆ ಉಳಿಯಿತು. 1870ರ ದಶಕದ ಕೊನೆಗೆ ಎಡಿಸನ್ ಮತ್ತು ಅವರ ಜೊತೆಗಾರರು ಒಳರೋಧ ಬಹಳ ಕಡಿಮೆ ಇರುವ ಡೈನಮೊ ಕಟ್ಟಿ, ಅದಕ್ಕೆ ಹೋಲಿಸಿದರೆ ಎಷ್ಟೋ ಪಟ್ಟು ಹೆಚ್ಚು ರೋಧದ ದೀಪಗಳನ್ನು ಜೋಡಿಸಿದರು. ಹೊಂದಾಣಿಕೆಯನ್ನು ಬೇಕೆಂದೇ ತಪ್ಪಿಸಿದರು. ಗರಿಷ್ಠ ಶಕ್ತಿ ಬೇರೆ, ಗರಿಷ್ಠ ದಕ್ಷತೆ ಬೇರೆ. ಮೂಲವನ್ನು ಬದಲಿಸಲಾಗದು, ಲೋಡನ್ನು ಮಾತ್ರ ಆರಿಸಬಹುದು ಎನ್ನುವಾಗ ಪ್ರಮೇಯ ದಾರಿ ತೋರಿಸುತ್ತದೆ. ಮೂಲವನ್ನೇ ನಾವು ಕಟ್ಟುವುದಾದರೆ ಒಳರೋಧವನ್ನು ಆದಷ್ಟು ಇಳಿಸುವುದೇ ದಾರಿ. 1902ರಲ್ಲಿ ಶಿವನಸಮುದ್ರದ ಎಸಿ ವಿದ್ಯುತ್ತು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಲ್ಲಿ ಯಾರಾದರೂ ಕಾಂಜುಗೇಟ್ ಹೊಂದಾಣಿಕೆ ಮಾಡಲು ಹೊರಟಿದ್ದರೆ ಜನರೇಟರು ಮತ್ತು ತಂತಿಗಳಲ್ಲೇ ಅರ್ಧ ಕಾವೇರಿ ಆವಿಯಾಗುತ್ತಿತ್ತು, ಗಣಿಯಲ್ಲಿ ವೋಲ್ಟೇಜು ಕುಸಿದು ಮೋಟಾರುಗಳು ತಿರುಗುತ್ತಲೇ ಇರಲಿಲ್ಲ.

ನಮ್ಮ ರೇಡಿಯೊ ಕೂಡ ಪೂರ್ತಿಯಾಗಿ 44.7 ವೋಲ್ಟ್ ಮತ್ತು 50 ಓಮಿನ ಆ ಸರಳ ಚಿತ್ರದಂತೆ ಇಲ್ಲ. ಅದರ ಮೇಲೆ ಬರೆದಿರುವ 50 ಓಮ್ ಎಂದರೆ ಇಂಥ ಲೋಡು ಕೊಟ್ಟರೆ ಇದು ಕೆಟ್ಟುಹೋಗದೆ, ಶುದ್ಧವಾಗಿ, ಹೇಳಿದಷ್ಟು ಶಕ್ತಿ ಕೊಡುತ್ತದೆ ಎಂಬ ಭರವಸೆ. ಒಳಗೆ ನಿಜವಾಗಿ 50 ಓಮಿನ ರೋಧವೊಂದು ಕೂತು ಸುಡುತ್ತಿದ್ದರೆ ಅರ್ಧಕ್ಕಿಂತ ಹೆಚ್ಚು ದಕ್ಷತೆಯ ಆಂಪ್ಲಿಫೈಯರು ಇರಲು ಸಾಧ್ಯವಿಲ್ಲ, ಅಂಥವು ಬೇಕಾದಷ್ಟಿವೆ. ಟ್ರಾನ್ಸ್‌ಮಿಟರಿಗೂ ಆಂಟೆನಾಗೂ ನಡುವೆ ಇರುವುದನ್ನು ಕಾಂಜುಗೇಟ್ ಹೊಂದಾಣಿಕೆ ಎಂದು ಕರೆಯಬಹುದೇ ಎಂದು ಅಮೆರಿಕದ ವಾಲ್ಟರ್ ಮ್ಯಾಕ್ಸ್‌ವೆಲ್ ಮತ್ತು ವಾರೆನ್ ಬ್ರೂನ್ ಎಂಬ ಇಬ್ಬರು ಹಿರಿಯ ಹ್ಯಾಮ್ ಇಂಜಿನಿಯರುಗಳು 1990ರ ದಶಕದಲ್ಲಿ ಬಹಳ ಕಾಲ ವಾದಿಸಿದರು. ತಾರಸಿಯ ಮೇಲೆ ಕೆಲಸ ಮಾಡುವವನಿಗೆ ಆ ವಾದ ಅಡ್ಡಿಯಾಗುವುದಿಲ್ಲ. ರೇಡಿಯೊ 50 ಓಮ್ ಕೇಳುತ್ತದೆ, ಎಲ್–ಮ್ಯಾಚ್ 50 ಓಮ್ ತೋರಿಸುತ್ತದೆ. ತೋರಿಸದಿದ್ದರೆ ಈಗಿನ ರೇಡಿಯೊಗಳು ತಮ್ಮ ಟ್ರಾನ್ಸಿಸ್ಟರುಗಳನ್ನು ಕಾಪಾಡಿಕೊಳ್ಳಲು ತಾವೇ ಶಕ್ತಿ ಇಳಿಸಿಬಿಡುತ್ತವೆ.

ಪ್ರಮೇಯವನ್ನು ಯಾವ ತಕರಾರೂ ಇಲ್ಲದೆ ಒಪ್ಪುವ ಜಾಗ ಕೇಳುವ ಕಡೆ ಇದೆ. ಅಲೆ ಬಂದು ಪೈಪಿಗೆ ತಾಕಿದಾಗ ಪೈಪೇ ಮೂಲವಾಗುತ್ತದೆ, ರೇಡಿಯೊ ಲೋಡಾಗುತ್ತದೆ. ನಮ್ಮ ಮನಸ್ಸಿನ ಗೆರೆಯ ಮೇಲೆ ನಿಂತರೆ ಎರಡೂ ಕಡೆ ಕಾಣುವುದು ಅವೇ ಸಂಖ್ಯೆಗಳು: ಮೂಲದ್ದು `13.4 + j22`, ಲೋಡಿನದು `13.4 − j22`. ಈ ಮೂಲವನ್ನು ನಾವು ಬದಲಿಸಲಾರೆವು, ಮಂಗಳೂರಿನಿಂದಲೋ ಚೆನ್ನೈನಿಂದಲೋ ಬಂದ ಅಲೆ ಪೈಪಿನಲ್ಲಿ ಎಬ್ಬಿಸುವ ವೋಲ್ಟೇಜು ಇಷ್ಟೇ. ಅದರಿಂದ ಹೆಚ್ಚೆಂದರೆ ಎಷ್ಟು ತೆಗೆಯಬಹುದೋ ಅಷ್ಟನ್ನು ಕಾಂಜುಗೇಟ್ ಲೋಡು ತೆಗೆಯುತ್ತದೆ.

ಹಾಗಾಗಿ ಟ್ಯೂನ್ ಮಾಡಲು ಬಟನ್ ಒತ್ತಿ ಬ್ಯಾಂಡಿನ ಮೇಲೆ ಗದ್ದಲ ಮಾಡಬೇಕಾದ ಅಗತ್ಯವೂ ಮೊದಲಿಗೆ ಇಲ್ಲ. ನಾನು ಹುಡುಗನಿಗೆ ಹೆಡ್‌ಫೋನ್ ಕೊಟ್ಟು, ಯಾರೂ ಮಾತಾಡದ ಒಂದು ಆವರ್ತನಕ್ಕೆ ರೇಡಿಯೊ ತಿರುಗಿಸಿದೆ. ತಾರಸಿಯ ಆ ತುದಿಯಲ್ಲಿ ಕೂತು ಕಾಯಿಲಿನ ಸುತ್ತುಗಳನ್ನು ಒಣ ಬಿದಿರಿನ ಕಡ್ಡಿಯಿಂದ ಒಂದೊಂದೇ ಕೂದಲೆಳೆಯಷ್ಟು ಸರಿಸುತ್ತಾ ಬಂದೆ. ಕೈ ಹಾಕಿದರೆ ಕೈಯ ಕೆಪಾಸಿಟೆನ್ಸೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಅದಕ್ಕೇ ಕಡ್ಡಿ. ಮೊದಲು ಬರೀ ರೇಡಿಯೊದ ಒಳಗಿನ ಮೆಲುದನಿ. ಇನ್ನೊಂದು ಚೂರು. ಇನ್ನೊಂದು ಚೂರು. ಒಮ್ಮೆಗೇ ಆಕಾಶದ ಮೊರೆತ ಹೆಡ್‌ಫೋನಿನಲ್ಲಿ ಉಕ್ಕಿತು, ಅದರೊಳಗಿಂದ ಎಲ್ಲೋ ದೂರದ ಮಿಂಚಿನ ಚಟಪಟ. ಕಡ್ಡಿಯನ್ನು ಇನ್ನೂ ಕೂದಲೆಳೆ ಸರಿಸಿದೆ, ಮೊರೆತ ಕುಗ್ಗಿತು. ಹಿಂದಕ್ಕೆ ತಂದೆ, ಮತ್ತೆ ಉಕ್ಕಿತು.

“ಅಲ್ಲೇ ಅಂಕಲ್, ಅಲ್ಲೇ ಬಿಡಿ” ಎಂದು ಹುಡುಗ ಕೂಗಿದ. ಆಮೇಲೆ ಬಟನ್ ಒತ್ತಿ ಮೀಟರ್ ನೋಡಿದೆವು. 1.1.